ಆಕಾಶ ಕೆರೆದವರು, ಮೋಡ ಕೆರೆದವರು

1880ರ ದಶಕದಲ್ಲಿ ಅಮೆರಿಕದ ಷಿಕಾಗೋದಲ್ಲಿ ಹತ್ತಾರು ಅಂತಸ್ತಿನ ಕಟ್ಟಡಗಳು ಎದ್ದು ನಿಂತಾಗ ಇಂಗ್ಲಿಷಿನವರು ಅವಕ್ಕೆ 'ಸ್ಕೈಸ್ಕ್ರೇಪರ್' ಎಂದರು. ಆಕಾಶವನ್ನು ಕೆರೆಯುವಂಥದ್ದು ಎಂದರ್ಥ. ಅದಕ್ಕೂ ಮೊದಲು ಹಡಗಿನ ತುತ್ತತುದಿಯ ಹಾಯಿಗೆ ಇದ್ದ ಹೆಸರು ಅದು.

ಬೇರೆ ಭಾಷೆಗಳು ಆ ಪದದ ಸದ್ದನ್ನು ಬಿಟ್ಟು ಅಚ್ಚನ್ನಷ್ಟೇ ತೆಗೆದುಕೊಂಡವು. ಫ್ರೆಂಚರು 'ಗ್ರಾತ್' (ಕೆರೆ), 'ಸಿಯೆಲ್' (ಆಕಾಶ) ಎರಡನ್ನೂ ಜೋಡಿಸಿ 'ಗ್ರಾತ್‌ಸಿಯೆಲ್' ಎಂದರು. ಸ್ಪ್ಯಾನಿಷಿನಲ್ಲಿ ಅದು 'ರಾಸ್ಕಾಸಿಯೆಲೋಸ್'. ಜರ್ಮನ್ನರು ಮಾತ್ರ ಆಕಾಶದ ಬದಲು ಮೋಡ ಕೆರೆದರು: 'ವೋಲ್ಕನ್‌ಕ್ರಾಟ್ಸರ್'.

ಹೀಗೆ ಬಿಡಿಬಿಡಿಯಾಗಿ ಅನುವಾದಗೊಂಡು ಬಂದ ಪದವನ್ನು ಭಾಷಾವಿಜ್ಞಾನಿಗಳು 'ಕಾಲ್ಕ್' ಎನ್ನುತ್ತಾರೆ. ಚಿತ್ರದ ಮೇಲೆ ತೆಳುಹಾಳೆ ಇಟ್ಟು ಗೆರೆ ತೆಗೆಯುವುದಕ್ಕೆ ಫ್ರೆಂಚಿನಲ್ಲಿರುವ ಮಾತಿನಿಂದ ಬಂದ ಹೆಸರಿದು. ತಮಾಷೆಯೆಂದರೆ, ಇಂಗ್ಲಿಷಿನಲ್ಲಿ 'ಕಾಲ್ಕ್' ಎಂಬುದು ಎರವಲು ಪದ. ಎರವಲು ಪದಕ್ಕಿರುವ 'ಲೋನ್‌ವರ್ಡ್' ಎಂಬ ಹೆಸರೋ ಜರ್ಮನ್ ಭಾಷೆಯ 'ಲೇನ್‌ವೋರ್ಟ್' ಪದದ ಕಾಲ್ಕ್!

ಕನ್ನಡದ 'ಮಧುಚಂದ್ರ'ವೂ ಈ ಜಾತಿಯದೇ. 'ಹನಿ'ಗೆ ಮಧು, 'ಮೂನ್'ಗೆ ಚಂದ್ರ. ಮದುವೆಗೂ ಜೇನಿಗೂ ಚಂದ್ರನಿಗೂ ಏನು ನಂಟು ಎಂದು ಕನ್ನಡದೊಳಗೇ ಹುಡುಕಿದರೆ ಉತ್ತರ ಸಿಗದು. ಕಾಲ್ಕ್ ಎಂಬುದರ ಸುಳಿವೇ ಅದು: ಬಿಡಿ ಪದಗಳೆಲ್ಲ ಪರಿಚಿತ, ಜೋಡಣೆ ಮಾತ್ರ ಪರಕೀಯ.

ಹಾಗಾದರೆ 'ಗಗನಚುಂಬಿ'? ಅಲ್ಲಿ ಆಕಾಶವಿದೆ, ಕೆರೆತವಿಲ್ಲ, ಮುತ್ತಿದೆ. ಎತ್ತರದ ಮಹಲುಗಳನ್ನು 'ಅಭ್ರಂಲಿಹ', ಅಂದರೆ ಮೋಡ ನೆಕ್ಕುವಂಥವು ಎಂದು ಬಣ್ಣಿಸುವುದು ಸಂಸ್ಕೃತ ಕಾವ್ಯಕ್ಕೆ ಹಳೆಯ ರೂಢಿ. ಆದ್ದರಿಂದ ಹೋಲಿಕೆ ಕಂಡ ಮಾತ್ರಕ್ಕೆ ಅದನ್ನು ಕಾಲ್ಕ್ ಎನ್ನಲಾಗದು.