ಪಾವಗಡದ ಬಿಸಿಲಲ್ಲಿ ಕ್ಲಾಂಪ್ ಮೀಟರ್ ಹಿಡಿದವರು

ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಹರಡಿದೆ. ಇಂಥ ಕಡೆ ಕಟ್ಟುವ ಕೆಲಸ ಬೇಗ ಮುಗಿಯುತ್ತದೆ. ವರ್ಷಗಟ್ಟಲೆ ಉಳಿಯುವುದು ನಿರ್ವಹಣೆಯ ಕೆಲಸ.

ಒಂದು ಬೆಳಗಿನ ಉದಾಹರಣೆ ನೋಡಿ. ಸಾಲಾಗಿ ಜೋಡಿಸಿದ 20 ಫಲಕಗಳದ್ದು ಒಂದು ಸ್ಟ್ರಿಂಗ್. ಪಕ್ಕದ ಸ್ಟ್ರಿಂಗ್‌ಗಳಲ್ಲಿ 9 ಆಂಪಿಯರ್ ಹರಿಯುತ್ತಿದೆ, ಇದರಲ್ಲಿ ಸೊನ್ನೆ. ತಂತ್ರಜ್ಞ ಮೊದಲು ಇನ್ವರ್ಟರ್ ನಿಲ್ಲಿಸಿ, ಸ್ಟ್ರಿಂಗನ್ನು ಬೇರ್ಪಡಿಸಿ, ವೋಲ್ಟೇಜ್ ಅಳೆಯುತ್ತಾನೆ. 800 ವೋಲ್ಟ್‌ನಷ್ಟು ಬಂದರೆ ಫಲಕಗಳು ಸರಿಯಿವೆ, ಫ್ಯೂಸ್ ಹೋಗಿರಬೇಕು. ಏನೂ ಬರದಿದ್ದರೆ ನಡುವೆ ಎಲ್ಲೋ ಕನೆಕ್ಟರ್ ಬಿಟ್ಟಿದೆ ಅಥವಾ ಸುಟ್ಟಿದೆ. ವಿದ್ಯುತ್ ಹರಿಯುತ್ತಿರುವಾಗಲೇ ಕನೆಕ್ಟರ್ ಕಿತ್ತರೆ ಡಿಸಿ ಕಿಡಿ ಆರದೆ ಕೈ ಸುಡುತ್ತದೆ. ಮನೆ ವೈರಿಂಗ್‌ನ ಅಭ್ಯಾಸವಿದ್ದವರು ಎಡವುವುದು ಇಲ್ಲೇ. ಬಿಸಿಲಿರುವಷ್ಟು ಹೊತ್ತು ಫಲಕವನ್ನು ಆರಿಸುವ ಸ್ವಿಚ್ಚೇ ಇಲ್ಲ.

ಐಟಿಐ ಎಲೆಕ್ಟ್ರಿಷಿಯನ್, ವೈರ್‌ಮನ್ ಓದಿದವರಿಗೆ ಈ ದಾರಿ ಹತ್ತಿರ. ಕೇಂದ್ರ ಸರ್ಕಾರದ ‘ಸೂರ್ಯಮಿತ್ರ’ ತರಬೇತಿ ಇಂಥವರಿಗಾಗಿಯೇ ಶುರುವಾದದ್ದು. ಬಿಸಿಲು ತಡೆಯದವರಿಗೆ, ಪ್ರತಿ ಸಲ ಅಳೆದೇ ಮುಟ್ಟುವ ತಾಳ್ಮೆ ಇಲ್ಲದವರಿಗೆ ಈ ಕೆಲಸ ಬೇಡವೆಂದೇ ನಾನು ಹೇಳುತ್ತೇನೆ.