ಮನೆ ತುಂಬ ನೆಂಟರು, ಇರೋದು ಒಂದೇ ಟಿವಿ: ಲಾಗಿನ್ ಇಲ್ಲದೆ ಎಲ್ಲರೂ ಲೂಡೋ ಆಡೋದು ಹೇಗೆ?

ಹಬ್ಬಕ್ಕೋ ಗೃಹಪ್ರವೇಶಕ್ಕೋ ನೆಂಟರು ಸೇರಿದಾಗ ಊಟ ಆದಮೇಲೆ ಎಲ್ಲರೂ ಅವರವರ ಮೊಬೈಲ್ ಹಿಡಿದು ಕೂರೋದು ಈಗ ಮಾಮೂಲು. ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಒಂದೇ ಪರದೆ ನೋಡಿ ಆಡಬೇಕು ಅಂದರೆ ಲೂಡೋ ಸುಲಭ. ಚೌಕಾಬಾರ ಗೊತ್ತಿದ್ದವರಿಗೆ ಕಾಯಿ ನಡೆಸೋದು, ಹಣ್ಣು ಮಾಡೋದು ಹೊಸದೇನಲ್ಲ.

ಲೂಡೋ ಕಿಂಗ್ ಆ್ಯಪ್ ಒಬ್ಬರ ಫೋನಿನಲ್ಲಿದ್ದರೆ ಸಾಕು. ತೆರೆದಾಗ ಲಾಗಿನ್ ಕೇಳಿದರೆ ಗೆಸ್ಟ್ ಆಯ್ಕೆ ಒತ್ತಿ, ಆಮೇಲೆ Pass N Play ಆರಿಸಿ. ಮೊಬೈಲ್ ನಂಬರ್, ಯುಪಿಐ ಕೇಳುವ ಲೂಡೋ ಆ್ಯಪ್ ಬಂದರೆ ಅದು ದುಡ್ಡಿನ ಆಟ, ಅದನ್ನ ಮುಟ್ಟಬೇಡಿ.

ಸ್ಮಾರ್ಟ್ ಟಿವಿ ಇದ್ದರೆ ಫೋನ್, ಟಿವಿ ಎರಡನ್ನೂ ಒಂದೇ ವೈಫೈಗೆ ಹಾಕಿ. ಫೋನಿನ ಮೇಲಿಂದ ಕೆಳಗೆ ಎಳೆದರೆ Cast ಅಥವಾ Smart View ಅಂತ ಸಿಗುತ್ತೆ, ಅದರಲ್ಲಿ ನಿಮ್ಮ ಟಿವಿ ಆರಿಸಿ. ಆದರೆ ಈ ಆಟ ಉದ್ದುದ್ದಕ್ಕೆ ತೆರೆಯುತ್ತೆ. ಹಾಗಾಗಿ 32 ಇಂಚಿನ ಟಿವಿಯಲ್ಲೂ ಹಾಸು ಸುಮಾರು 7 ಇಂಚು ಅಗಲ ಮಾತ್ರ, ಅಕ್ಕಪಕ್ಕ ಕಪ್ಪು. ಕಣ್ಣು ಮಂಜಾದ ಹಿರಿಯರನ್ನ ಟಿವಿ ಹತ್ತಿರ ಕೂರಿಸಿ.

ಇನ್ನೊಂದು ಮುಖ್ಯ ವಿಷಯ. ಫೋನಿಗೆ ಬರುವ ಮೆಸೇಜ್ ಎಲ್ಲ ಟಿವಿಯಲ್ಲೂ ಕಾಣುತ್ತೆ. ಅಂಗಡಿಯವರ ಫೋನ್ ಆದರೆ ಎಷ್ಟು ಪೇಮೆಂಟ್ ಬಂತು, ಬ್ಯಾಂಕಿನ ಓಟಿಪಿ ಏನು ಅನ್ನೋದು ನೆಂಟರ ಮುಂದೆ ಬಂದುಬಿಡುತ್ತೆ. ಮೊದಲೇ Do Not Disturb ಆನ್ ಮಾಡಿ, ಅದರ ಸೆಟಿಂಗ್‌ನಲ್ಲಿ ನೋಟಿಫಿಕೇಶನ್ ಪರದೆ ಮೇಲೆ ಬರದ ಹಾಗೆ ಮಾಡಿ. ಒಬ್ಬರಿಗೆ ಮೆಸೇಜ್ ಹಾಕಿಸಿ ಟಿವಿ ನೋಡಿದರೆ ಸರಿಯಾಗಿದೆಯಾ ಗೊತ್ತಾಗುತ್ತೆ.

ಆಟ ಕೆಡೋದು ಹೆಚ್ಚಾಗಿ ಆರರಿಂದ. ಆರು ಬೀಳದೆ ಕಾಯಿ ಹೊರಗೆ ಬರಲ್ಲ. ದಾಳದ ಲೆಕ್ಕದಲ್ಲಿ ಆರು ಸಲ ಹಾಕಿದರೂ ಒಂದೂ ಆರು ಬೀಳದಿರುವ ಸಾಧ್ಯತೆ ಮೂರರಲ್ಲಿ ಒಂದು. ಆರು ವರ್ಷದ ಮಗು ಒಂಟಿಯಾಗಿ ಆಡಿದರೆ ಅಷ್ಟರಲ್ಲಿ ಅಳು ಶುರು.

ಅದಕ್ಕೆ ಜೋಡಿ ಮಾಡಿ. ಎಂಟು ಜನ ಇದ್ದರೆ ನಾಲ್ಕು ತಂಡ: ಅಜ್ಜಿ-ಮೊಮ್ಮಗ, ತಾತ-ಮೊಮ್ಮಗಳು, ಅಪ್ಪ-ಅತ್ತೆ, ಅಮ್ಮ-ಮಾವ. ಸಣ್ಣವರು ದಾಳ ಒತ್ತಲಿ, ಯಾವ ಕಾಯಿ ನಡೆಸಬೇಕು ಅಂತ ದೊಡ್ಡವರು ಹೇಳಲಿ. ಕೆಂಪಿನವರಿಗೆ ಐದು ಬಿದ್ದಿದೆ ಅಂದುಕೊಳ್ಳಿ: ಒಂದು ಕಾಯಿಂದ ಹಳದಿ ಕಾಯಿ ಹೊಡೀಬಹುದು, ಇನ್ನೊಂದನ್ನ ನಕ್ಷತ್ರದ ಮನೆ ಸೇರಿಸಬಹುದು. ಹೊಡೆದರೆ ಇನ್ನೊಂದು ಸಲ ದಾಳ ಸಿಗುತ್ತೆ, ನಕ್ಷತ್ರದಲ್ಲಿ ನಿಂತರೆ ಯಾರೂ ಹೊಡೆಯೋಕಾಗಲ್ಲ. ಇಂಥ ಕಡೆ ಅಜ್ಜಿ ಮಾತೇ ಕೊನೆ.

ನಾಲ್ಕೂ ಕಾಯಿ ಹಣ್ಣಾಗೋವರೆಗೆ ಕಾದರೆ ಮಕ್ಕಳು ಎದ್ದು ಹೋಗ್ತಾರೆ. ಮೊದಲು ಎರಡು ಕಾಯಿ ಹಣ್ಣು ಮಾಡಿದವರೇ ಗೆದ್ದರು ಅಂತ ಶುರುವಿನಲ್ಲೇ ಮಾತಾಡಿಕೊಳ್ಳಿ.