ಅಧ್ಯಾಯ 6: ಮನೆಯೊಳಗೊಂದು ಮನೆ – ಅರ್ಜಿ ನಮೂನೆಯ ಒಳಕೋಷ್ಟಕಗಳನ್ನು ಬಿಡಿಸುವುದು

ವಿದ್ಯಾರ್ಥಿವೇತನಕ್ಕೋ ಪಡಿತರ ಚೀಟಿಗೋ ತುಂಬುವ ಅರ್ಜಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಎಡಗಡೆ ಕ್ರಮಸಂಖ್ಯೆ, ನಡುವೆ ವಿವರ, ಬಲಗಡೆ ನಾವು ಉತ್ತರ ಬರೆಯುವ ಜಾಗ. ಹೆಸರು, ಹುಟ್ಟಿದ ದಿನಾಂಕ, ವಿಳಾಸ ಎಂದು ಸಾಲುಗಳು ಇಳಿಯುತ್ತಾ ಹೋಗಿ, ನಡುವೆ ಎಲ್ಲೋ ‘ಕುಟುಂಬ ಸದಸ್ಯರ ವಿವರ’ ಬರುತ್ತದೆ. ಅದರ ಉತ್ತರದ ಮನೆಯೊಳಗೆ ಇನ್ನೊಂದು ಪುಟ್ಟ ಕೋಷ್ಟಕವೇ ಇರುತ್ತದೆ: ಹೆಸರು, ಸಂಬಂಧ, ವಯಸ್ಸು, ಆದಾಯ. ನಮ್ಮ ಕಣ್ಣಿಗೆ ಇದರಲ್ಲಿ ಗೊಂದಲವೇನೂ ಇಲ್ಲ. ಆದರೆ ಅದೇ ಹಾಳೆಯನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಕೊಟ್ಟರೆ, ಅದಕ್ಕೆ ಕಾಣುವುದು ಕಪ್ಪು ಬಿಳಿ ಚುಕ್ಕೆಗಳು ಮಾತ್ರ. ಯಾವ ಗೆರೆ ಹೊರಮನೆಯದು, ಯಾವುದು ಒಳಮನೆಯದು ಎಂಬುದನ್ನು ಅದು ಹೇಗೆ ಕಂಡುಕೊಳ್ಳುತ್ತದೆ ಎಂಬುದೇ ಈ ಅಧ್ಯಾಯದ ವಿಷಯ.

ಒಂದು ಹಾಳೆ, ಅದರ ಅಳತೆ

ಲೆಕ್ಕಕ್ಕೆ ಒಂದು ಮಾದರಿ ಅರ್ಜಿ ಇಟ್ಟುಕೊಳ್ಳೋಣ. ಎ4 ಹಾಳೆಯನ್ನು ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಸುಮಾರು 2480 ಚುಕ್ಕೆ ಅಗಲ, 3508 ಚುಕ್ಕೆ ಎತ್ತರದ ಚಿತ್ರ ಬರುತ್ತದೆ. ನಮ್ಮ ಹೊರಕೋಷ್ಟಕ ಎಡದಿಂದ 200ನೇ ಚುಕ್ಕೆಯಲ್ಲಿ ಶುರುವಾಗಿ 2280ಕ್ಕೆ ಮುಗಿಯುತ್ತದೆ. ನಡುವೆ 320 ಮತ್ತು 980ರಲ್ಲಿ ಎರಡು ಲಂಬಗೆರೆಗಳಿವೆ. ಅಂದರೆ ಮೂರು ಕಾಲಂ. ಒಟ್ಟು ಹನ್ನೆರಡು ಸಾಲು.

ಏಳನೆಯ ಸಾಲು ಕುಟುಂಬದ್ದು. ಅದು ಮೇಲಿನಿಂದ 1400ರಿಂದ 1850ರವರೆಗೆ ಹಬ್ಬಿದೆ. ಅದರ ಮೂರನೆಯ ಮನೆಯಲ್ಲಿ 1480, 1760, 1960ರಲ್ಲಿ ಲಂಬಗೆರೆಗಳು. ಪ್ರತಿ 90 ಚುಕ್ಕೆಗೆ ಒಂದರಂತೆ ನಾಲ್ಕು ಅಡ್ಡಗೆರೆಗಳು. ತಲೆಸಾಲೂ ಸೇರಿ ಐದು ಸಾಲು, ನಾಲ್ಕು ಕಾಲಂ, ಇಪ್ಪತ್ತು ಪುಟ್ಟ ಮನೆಗಳು.

ಈಗ ಇಡೀ ಅರ್ಜಿಯಲ್ಲಿ ನಿಜಕ್ಕೂ ಎಷ್ಟು ಮನೆಗಳಿವೆ? ಉಳಿದ ಹನ್ನೊಂದು ಸಾಲುಗಳಲ್ಲಿ ಮೂರು ಮೂರರಂತೆ 33. ಏಳನೆಯ ಸಾಲಿನಲ್ಲಿ ಎರಡು ಹೊರಮನೆ, ಇಪ್ಪತ್ತು ಒಳಮನೆ. ಒಟ್ಟು 55. ಆದರೆ ಸಿಕ್ಕ ಗೆರೆಗಳನ್ನೆಲ್ಲ ಹಾಳೆಯ ಈ ತುದಿಯಿಂದ ಆ ತುದಿಗೆ ಎಳೆದು ಬಲೆ ಹೆಣೆಯುವ ಸರಳ ಕ್ರಮ ಆರು ಕಾಲಂ, ಹದಿನಾರು ಸಾಲು ಎಂದು ಎಣಿಸಿ 96 ಮನೆ ಕೊಡುತ್ತದೆ. ಅರ್ಜಿದಾರರ ವಿಳಾಸ ನಾಲ್ಕು ತುಂಡಾಗಿ, ಅದರ ಒಂದು ತುಂಡು ‘ವಯಸ್ಸು’ ಕಾಲಮ್ಮಿಗೆ ಬಂದು ಬೀಳುವುದು ಇಂಥ ಬಲೆಯಿಂದಲೇ.

ಮೊದಲು ಗೆರೆಗಳನ್ನು ಹೆಕ್ಕುವುದು

ಗೆರೆ ಹೆಕ್ಕುವ ಮುನ್ನ ಹಾಳೆಯನ್ನು ನೆಟ್ಟಗೆ ಮಾಡಬೇಕು. ಸ್ಕ್ಯಾನರಿನಲ್ಲಿ ಹಾಳೆ ಒಂದೇ ಒಂದು ಡಿಗ್ರಿ ಓರೆಯಾಗಿದ್ದರೂ, 2080 ಚುಕ್ಕೆ ಉದ್ದದ ಅಡ್ಡಗೆರೆಯ ಬಲತುದಿ ಎಡತುದಿಗಿಂತ 36 ಚುಕ್ಕೆ ಮೇಲೆ ಅಥವಾ ಕೆಳಗೆ ಹೋಗಿರುತ್ತದೆ. ಒಳಸಾಲಿನ ಎತ್ತರವೇ 90 ಇರುವಾಗ ಇದು ಸಣ್ಣ ತಪ್ಪಲ್ಲ. ಓರೆಯನ್ನು ಡಿಗ್ರಿಯ ಹತ್ತನೇ ಒಂದು ಭಾಗಕ್ಕೆ ಇಳಿಸಿದರೆ ಅದೇ ವ್ಯತ್ಯಾಸ ನಾಲ್ಕು ಚುಕ್ಕೆಯೊಳಗೆ ಬರುತ್ತದೆ.

ಆಮೇಲೆ ಚಿತ್ರವನ್ನು ಬರಿಯ ಕಪ್ಪು ಬಿಳಿಗೆ ಇಳಿಸಿ, ಶಾಯಿ ಬಿಳಿಯಾಗಿ ಹಾಳೆ ಕಪ್ಪಾಗುವಂತೆ ತಿರುಗಿಸಿದ `ink` ಚಿತ್ರದಲ್ಲಿ ಶಾಯಿಯನ್ನು ಜರಡಿ ಹಿಡಿಯುತ್ತಾರೆ. ನಿರ್ದಿಷ್ಟ ಉದ್ದದಷ್ಟು ಎಡೆಬಿಡದೆ ನೆಟ್ಟಗೆ ಸಾಗುವ ಶಾಯಿ ಮಾತ್ರ ಜರಡಿಯಲ್ಲಿ ಉಳಿಯುತ್ತದೆ, ಅಕ್ಷರಗಳು ಉದುರಿಹೋಗುತ್ತವೆ. ಓಪನ್‌ಸಿವಿ ಎಂಬ ಉಚಿತ ತಂತ್ರಾಂಶದಲ್ಲಿ ಇದಕ್ಕೆ ಎರಡು ಸಾಲು ಸಾಕು:

```python
h = cv2.morphologyEx(ink, cv2.MORPH_OPEN, np.ones((1, 60), np.uint8))
v = cv2.morphologyEx(ink, cv2.MORPH_OPEN, np.ones((60, 1), np.uint8))
```

ಈ 60 ಎಲ್ಲಿಂದ ಬಂತು? 10 ಪಾಯಿಂಟಿನ ಅಚ್ಚಕ್ಷರದ ಅಳತೆ ಇಲ್ಲಿ ಸುಮಾರು 42 ಚುಕ್ಕೆ. ಅತಿ ಚಿಕ್ಕ ಮನೆಯ ಎತ್ತರ 90. ಜರಡಿ 42ಕ್ಕಿಂತ ಚಿಕ್ಕದಾದರೆ ಅಕ್ಷರದ ಕಾಲುಗಳೂ ಗೆರೆಯಾಗಿ ಉಳಿಯುತ್ತವೆ; 90ನ್ನು ಮೀರಿದರೆ ತುಂಡಾದ ಲಂಬಗೆರೆಗಳು ಪೂರ್ತಿ ಮಾಯವಾಗುತ್ತವೆ. ಇವೆರಡರ ನಡುವಿನ ಸಂದಿನಲ್ಲೇ ನಿಲ್ಲಬೇಕು. ಹೊರಕೋಷ್ಟಕಕ್ಕೆ ಹೊಂದುವ ದೊಡ್ಡ ಅಳತೆಯನ್ನು ಒಳಕೋಷ್ಟಕಕ್ಕೂ ಬಳಸಿದಾಗ ಮೊದಲು ಕಳೆದುಹೋಗುವುದು ಒಳಗಿನ ಗೆರೆಗಳೇ.

ಇಲ್ಲಿ ಲಿಪಿಯ ಗುಣವೂ ಲೆಕ್ಕಕ್ಕೆ ಬರುತ್ತದೆ. ದೇವನಾಗರಿಯಲ್ಲಿ ಪದದ ತಲೆಗೆರೆ ಒಂದೇ ಎಳೆಯಾಗಿ ಓಡುವುದರಿಂದ ಉದ್ದ ಪದವೊಂದು ಅಡ್ಡಗೆರೆಯ ವೇಷ ಹಾಕಬಲ್ಲದು. ಕನ್ನಡದ ತಲೆಕಟ್ಟು ಅಕ್ಷರಕ್ಕೊಂದರಂತೆ ತುಂಡು ತುಂಡಾಗಿರುತ್ತದೆ, ಆ ಭಯವಿಲ್ಲ. ಆದರೆ ಕನ್ನಡಕ್ಕೆ ಬೇರೆಯದೇ ಕಾಟವಿದೆ: ಒತ್ತಕ್ಷರ. ಇಕ್ಕಟ್ಟಾದ ಮನೆಯಲ್ಲಿ ‘ಲಕ್ಷ್ಮಮ್ಮ’ ಎಂದು ಬರೆದರೆ ಒತ್ತುಗಳು ಕೆಳಗೆರೆಯ ಮೇಲೇ ಇಳಿದು ಕೂರುತ್ತವೆ. ಓದುವ ಮೊದಲು ಗೆರೆಯನ್ನು ಅಳಿಸಿದರೆ ಅದರ ಜೊತೆ ಒತ್ತಿನ ನಡುಭಾಗವೂ ಅಳಿಯುತ್ತದೆ. ಆದ್ದರಿಂದ ಗೆರೆಯನ್ನು ಅಳಿಸುವಾಗ, ಮೇಲೂ ಕೆಳಗೂ ಶಾಯಿ ಮುಂದುವರಿದಿರುವ ಕಡೆ ಅದನ್ನು ಹಾಗೆಯೇ ಬಿಡುವುದು ರೂಢಿ.

ಗೆರೆ ಎಲ್ಲಿಂದ ಎಲ್ಲಿಗೆ?

ಗೆರೆಗಳು ಕೈಗೆ ಬಂದವು. ಈಗ ಒಳಗು ಹೊರಗುಗಳ ಪ್ರಶ್ನೆ.

ಒಳಕೋಷ್ಟಕ ಹೊರಮನೆಯ ಗೋಡೆಗಳನ್ನು ಮುಟ್ಟದೆ, ಸುತ್ತ ಬಿಳಿ ಅಂಚು ಬಿಟ್ಟು ನಿಂತಿದ್ದರೆ ಕೆಲಸ ಸುಲಭ. ಓಪನ್‌ಸಿವಿಯ `cv2.findContours` ಆಜ್ಞೆಗೆ `RETR_TREE` ಎಂದು ಹೇಳಿದರೆ ಯಾವ ಆಕಾರ ಯಾವುದರ ಹೊಟ್ಟೆಯಲ್ಲಿದೆ ಎಂಬ ವಂಶವೃಕ್ಷವನ್ನೇ ಕೊಡುತ್ತದೆ. ಆದರೆ ಅರ್ಜಿಗಳಲ್ಲಿ ಜಾಗ ಉಳಿಸಲೆಂದು ಒಳಗೆರೆಗಳನ್ನು ಹೊರಗೋಡೆಗೇ ಅಂಟಿಸಿರುವುದು ಹೆಚ್ಚು. ಆಗ ಇಡೀ ಕೋಷ್ಟಕ ಒಂದೇ ಶಾಯಿಯ ಜಾಲವಾಗುತ್ತದೆ. ಅದರ 55 ಬಿಳಿ ತೂತುಗಳೂ ಒಡಹುಟ್ಟಿದವರಂತೆ ಸರಿಸಮ ನಿಲ್ಲುತ್ತವೆ. ವಂಶವೃಕ್ಷದಲ್ಲಿ ತಾಯಿ ಯಾರು, ಮಗು ಯಾರು ತಿಳಿಯುವುದಿಲ್ಲ.

ಆಗ ನೆರವಿಗೆ ಬರುವುದು ಗೆರೆಯ ಎರಡು ತುದಿಗಳು. ಹೊರಗೆರೆ ತನ್ನ ಆವರಣದ ಈ ಗೋಡೆಯಿಂದ ಆ ಗೋಡೆಗೆ ಸಾಗುತ್ತದೆ. ಒಳಗೆರೆ ನಡುವಿನ ಯಾವುದೋ ಗೋಡೆಗೆ ಬಂದು ನಿಂತುಬಿಡುತ್ತದೆ. ನಮ್ಮ ಅರ್ಜಿಯಲ್ಲಿ 320 ಮತ್ತು 980ರ ಲಂಬಗೆರೆಗಳು ತಲೆಯಿಂದ ಬುಡದವರೆಗೆ ಇಳಿಯುತ್ತವೆ. 1480ರದ್ದು 1400ರಲ್ಲಿ ಹುಟ್ಟಿ 1850ಕ್ಕೆ ಮುಗಿಯುತ್ತದೆ. ಹಾಗಾಗಿ ಮೊದಲ ಸುತ್ತಿನಲ್ಲಿ ಗೋಡೆಯಿಂದ ಗೋಡೆಗೆ ಮುಟ್ಟುವ ಗೆರೆಗಳಿಂದ ಮಾತ್ರ ಕತ್ತರಿಸಬೇಕು. ಬಂದ ಪ್ರತಿ ಮನೆಯನ್ನೂ ಹೊಸ ಹಾಳೆಯೆಂದೇ ತಿಳಿದು ಅದೇ ಪ್ರಶ್ನೆಯನ್ನು ಮತ್ತೆ ಕೇಳಬೇಕು:

```python
def split(cell):
    xs, ys = walls(v, cell), walls(h, cell)
    if not xs and not ys:
        return cell
    return [[split(c) for c in row] for row in grid(cell, xs, ys)]
```

ಇಲ್ಲಿ `walls` ಎಂಬುದು ಮನೆಯ ಆಚೆ ಗೋಡೆಯಿಂದ ಈಚೆ ಗೋಡೆಯವರೆಗೆ ಸಾಗುವ ಗೆರೆಗಳನ್ನು ಹುಡುಕುವ ಭಾಗ, `grid` ಆ ಗೆರೆಗಳಲ್ಲಿ ಕತ್ತರಿಸುವ ಭಾಗ. ಮೊದಲ ಸುತ್ತಿನಲ್ಲಿ 36 ಮನೆಗಳು ಬರುತ್ತವೆ. ಎರಡನೇ ಸುತ್ತಿನಲ್ಲಿ 35 ಮನೆಗಳು ಒಳಗೆ ಗೆರೆಯಿಲ್ಲವೆಂದು ಹಾಗೇ ನಿಲ್ಲುತ್ತವೆ, ಒಂದು ಮಾತ್ರ ಇಪ್ಪತ್ತಾಗಿ ಒಡೆಯುತ್ತದೆ. 35ಕ್ಕೆ 20 ಕೂಡಿಸಿದರೆ 55. ಲೆಕ್ಕ ಕೂಡಿತು.

ಪುಟವನ್ನು ಹೀಗೆ ಕತ್ತರಿಸುತ್ತಾ ಹೋಗುವ ಆಲೋಚನೆ ಹಳೆಯದು. ಜಾರ್ಜ್ ನಾಗಿ ಮತ್ತು ಶರದ್ ಸೇಠ್ 1984ರಲ್ಲೇ ಇದನ್ನು ಎಕ್ಸ್-ವೈ ಮರ ಎಂಬ ಹೆಸರಿನಲ್ಲಿ ಮಂಡಿಸಿದ್ದರು. ಅವರದು ಒಮ್ಮೆ ಅಡ್ಡ, ಒಮ್ಮೆ ಉದ್ದ ಕತ್ತರಿಸುವ ಸರದಿ. ಆದರೆ ಆ ಸರದಿಯನ್ನು ನಮ್ಮ ಕೋಷ್ಟಕಕ್ಕೆ ಹಾಗೇ ಹಚ್ಚಿದರೆ ಎಡವುತ್ತೇವೆ. ಮೊದಲು ಅಡ್ಡ ಕತ್ತರಿಸಿ ಏಳನೆಯ ಸಾಲನ್ನು ಒಂದು ಪಟ್ಟಿಯಾಗಿ ಬೇರ್ಪಡಿಸಿದೆವು ಅನ್ನಿ. ಆ ಪಟ್ಟಿಯೊಳಗೆ 320, 980 ಮಾತ್ರವಲ್ಲ, 1480, 1760, 1960 ಕೂಡ ಮೇಲಿನಿಂದ ಕೆಳಗಿನವರೆಗೆ ಮುಟ್ಟುತ್ತವೆ! ಆರು ಕಾಲಂ ಅಕ್ಕಪಕ್ಕ ಬಂದು, ಒಳಕೋಷ್ಟಕವೆಂಬುದೇ ಕಾಣೆಯಾಗುತ್ತದೆ. ಮೇಲಿನ ಕೋಡು ಎರಡೂ ದಿಕ್ಕನ್ನು ಒಂದೇ ಏಟಿಗೆ ಕೇಳುವುದು ಇದೇ ಕಾರಣಕ್ಕೆ.

ಅಷ್ಟಾದರೂ ಒಂದು ಸಂದರ್ಭದಲ್ಲಿ ಇದೇ ಕಷ್ಟ ಹಿಂದಿರುಗುತ್ತದೆ. ಕೋಷ್ಟಕದ ನಡುವೆ ‘ಭಾಗ – 2’ ಎಂಬ ಪೂರ್ತಿ ಅಗಲದ ಶೀರ್ಷಿಕೆ ಸಾಲು ಬಂದಿದ್ದರೆ 320 ಮತ್ತು 980ರ ಗೆರೆಗಳು ಅಲ್ಲಿ ಕಡಿದುಹೋಗುತ್ತವೆ. ಮೊದಲ ಸುತ್ತಿನಲ್ಲಿ ಅಡ್ಡ ಕತ್ತರಿಕೆ ಮಾತ್ರ ಸಾಧ್ಯವಾಗಿ, ಏಳನೆಯ ಸಾಲು ಮತ್ತೆ ಆರು ಕಾಲಂ ಆಗುತ್ತದೆ. ಆಗ ಅಡ್ಡಗೆರೆಗಳನ್ನು ನೋಡಬೇಕು. ಆ ಪಟ್ಟಿಯ ನಾಲ್ಕೂ ಕಿರಿಯ ಅಡ್ಡಗೆರೆಗಳು 980ರಲ್ಲಿ ಹೊರಟು, ನಡುವಿನ ಮೂರು ಲಂಬಗೆರೆಗಳನ್ನು ದಾಟಿ, 2280ರಲ್ಲಿ ನಿಲ್ಲುತ್ತವೆ. ಒಂದೇ ತುದಿಗಳನ್ನು ಹಂಚಿಕೊಂಡ ಗೆರೆಗಳು ಒಂದೇ ಕೋಷ್ಟಕದವು. ಅವು ದಾಟಿದ ಗೆರೆಗಳೂ ಆ ಕೋಷ್ಟಕಕ್ಕೇ ಸೇರಿದವು. ಜೊತೆಗೆ 320 ಮತ್ತು 980 ನೆರೆಯ ಆರು, ಎಂಟನೆಯ ಸಾಲುಗಳಲ್ಲೂ ಮುಂದುವರಿಯುತ್ತವೆ, ಉಳಿದ ಮೂರು ಮುಂದುವರಿಯುವುದಿಲ್ಲ. ಎರಡು ಸಾಕ್ಷಿಗಳೂ ಒಂದೇ ಮಾತು ಹೇಳಿದರೆ ತೀರ್ಮಾನಿಸಬಹುದು.

ಪೆನ್ನಿನ ಗೆರೆ, ಖಾಲಿ ಮನೆ

ಅರ್ಜಿ ತುಂಬುವವರೂ ಗೆರೆ ಎಳೆಯುತ್ತಾರೆ. ಮನೆಯಲ್ಲಿ ಇಬ್ಬರೇ ಇದ್ದರೆ ಉಳಿದ ಎರಡು ಸಾಲುಗಳ ಮೇಲೆ ಉದ್ದಕ್ಕೊಂದು ಗೀಟು ಹಾಕುವುದು ವಾಡಿಕೆ. ಗೀಟು ಓರೆಯಾಗಿದ್ದರೆ ಜರಡಿಯಲ್ಲಿ ಉದುರುತ್ತದೆ. ನೆಟ್ಟಗಿದ್ದರೆ ಅಡ್ಡಗೆರೆಯೆಂದು ಉಳಿದು ಸಾಲನ್ನು ಎರಡು ಮಾಡಬಲ್ಲದು. ಇಲ್ಲೂ ತುದಿಗಳೇ ಗುಟ್ಟು ಬಿಡುತ್ತವೆ: ಅಚ್ಚಿನ ಗೆರೆಯ ತುದಿ ಯಾವಾಗಲೂ ಇನ್ನೊಂದು ಗೆರೆಯನ್ನು ಮುಟ್ಟಿರುತ್ತದೆ, ಪೆನ್ನಿನ ಗೀಟು ಸಾಮಾನ್ಯವಾಗಿ ಗಾಳಿಯಲ್ಲಿ ನಿಲ್ಲುತ್ತದೆ. ಆದರೆ ಅಚ್ಚು ಮಾಸಿ ಗೆರೆ ಅಲ್ಲಲ್ಲಿ ಹರಿದಿದ್ದರೆ ಅದೂ ಗಾಳಿಯಲ್ಲೇ ನಿಂತಂತೆ ಕಾಣುತ್ತದೆ. ಆದ್ದರಿಂದ ಗೆರೆಯ ಹಾದಿಯಲ್ಲೇ ಹದಿನೈದಿಪ್ಪತ್ತು ಚುಕ್ಕೆಗಳ ಬಿರುಕನ್ನು ಮೊದಲು ಮುಚ್ಚಿ, ಆಮೇಲೆ ತುದಿ ಪರೀಕ್ಷಿಸಬೇಕು.

ಮನೆಗಳು ಸಿಕ್ಕ ಮೇಲೆ ಒಂದೊಂದನ್ನೂ ಬೇರೆಬೇರೆಯಾಗಿ ಓದಿಸಿ, ಉತ್ತರವನ್ನು ಹುಟ್ಟಿದ ರೂಪದಲ್ಲೇ ಇಡಬೇಕು. ಏಳನೆಯ ಪ್ರಶ್ನೆಯ ಉತ್ತರ ಒಂದು ಮಾತಲ್ಲ, ಒಂದು ಪಟ್ಟಿ:

```json
{"7": [
  {"ಹೆಸರು": "ಲಕ್ಷ್ಮಮ್ಮ", "ಸಂಬಂಧ": "ಅಜ್ಜಿ", "ವಯಸ್ಸು": "71", "ಆದಾಯ": ""},
  {"ಹೆಸರು": "ರತ್ನ", "ಸಂಬಂಧ": "ತಾಯಿ", "ವಯಸ್ಸು": "45", "ಆದಾಯ": "36000"}
]}
```

ಅಜ್ಜಿಯ ಆದಾಯದ ಮನೆ ಖಾಲಿ. ಆ ಖಾಲಿಯನ್ನು ಖಾಲಿಯಾಗಿಯೇ ದಾಖಲಿಸಬೇಕು. ಬರಹ ಸಿಕ್ಕ ಮನೆಗಳನ್ನಷ್ಟೇ ಸಾಲಾಗಿ ಪೋಣಿಸಿದರೆ ಕೆಳಗಿನ ಸಾಲಿನ ‘ರತ್ನ’ ಮೇಲೆ ಜರುಗಿ ಅಜ್ಜಿಯ ಆದಾಯವಾಗಿ ಕೂರುತ್ತದೆ. ಇಂಥ ಜರುಗುವಿಕೆ ಪತ್ತೆಯಾಗುವುದು ಆದಾಯದ ಕಾಲಮ್ಮಿನಲ್ಲಿ ಅಕ್ಷರ, ಸಂಬಂಧದ ಕಾಲಮ್ಮಿನಲ್ಲಿ ಅಂಕಿ ಕಂಡಾಗ. ಒಳಮನೆಗಳ ಎಣಿಕೆಯನ್ನೂ ನೋಡಬೇಕು: ನಾಲ್ಕು ಕಾಲಮ್ಮಿನ ಕೋಷ್ಟಕದಲ್ಲಿ ಹತ್ತೊಂಬತ್ತು ಮನೆ ಸಿಕ್ಕರೆ ಎಲ್ಲೋ ಒಂದು ಗೋಡೆ ಬಿದ್ದಿದೆ ಎಂದರ್ಥ.

ಗೆರೆ ಹೇಳಲಾರದ್ದು

ಕೆಲವು ಪ್ರಶ್ನೆಗಳಿಗೆ ಗೆರೆಗಳಲ್ಲಿ ಉತ್ತರವಿಲ್ಲ. ‘ವಿಳಾಸ’ ಎಂಬ ತಲೆಬರಹದ ಕೆಳಗೆ ಗ್ರಾಮ, ತಾಲ್ಲೂಕು, ಜಿಲ್ಲೆ ಎಂದು ಮೂರು ಮನೆಗಳಿದ್ದರೆ ಅದು ಒಳಕೋಷ್ಟಕವೋ, ಎರಡು ಅಂತಸ್ತಿನ ತಲೆಸಾಲೋ? ಆ ಮೂರನ್ನು ಬೇರ್ಪಡಿಸುವ ಲಂಬಗೆರೆಗಳು ಕೆಳಗಿನ ಎಲ್ಲ ಸಾಲುಗಳಿಗೂ ಇಳಿದಿದ್ದರೆ ತಲೆಸಾಲು. ಆ ಮನೆಯಲ್ಲೇ ನಿಂತರೆ ಒಳಕೋಷ್ಟಕ. ಕೆಳಗೆ ಸಾಲೇ ಇಲ್ಲದಿದ್ದರೆ ಎರಡೂ ಒಂದೇ ಚಿತ್ರ. ಆಗ ಮನೆಯೊಳಗಿನ ಮಾತನ್ನು ಓದಿಯೇ ತೀರ್ಮಾನಿಸಬೇಕು. ಅಡ್ಡಗೆರೆಗಳೇ ಇಲ್ಲದೆ ಲಂಬಗೆರೆಗಳಷ್ಟೇ ಇರುವ ಒಳಕೋಷ್ಟಕದಲ್ಲೂ ಹೀಗೆಯೇ. ಸಾಲು ಎಲ್ಲಿ ಮುಗಿಯಿತು ಎಂಬುದನ್ನು ಬರಹದ ಮಟ್ಟದಿಂದ ಊಹಿಸಬೇಕು. ಹೆಸರೊಂದು ಎರಡು ಸಾಲಿಗೆ ಹರಿದರೆ ಒಬ್ಬರು ಇಬ್ಬರಾಗುವುದು ಅಲ್ಲೇ.

ಇನ್ನು ಸಾವಿರಾರು ಅರ್ಜಿಗಳೂ ಒಂದೇ ಅಚ್ಚಿನವಾದರೆ ಇಷ್ಟೆಲ್ಲ ಬೇಕಿಲ್ಲ. ಒಂದು ಖಾಲಿ ನಮೂನೆಯ ಮೇಲೆ 55 ಮನೆಗಳನ್ನು ಕೈಯಾರೆ ಗುರುತಿಸಿ, ಉಳಿದ ಹಾಳೆಗಳನ್ನು ಅದಕ್ಕೆ ಹೊಂದಿಸಿದರೆ ಸಾಕು. ನಮೂನೆ ವರ್ಷದಿಂದ ವರ್ಷಕ್ಕೆ, ಕಚೇರಿಯಿಂದ ಕಚೇರಿಗೆ ಬದಲಾಗುವಾಗ ಮಾತ್ರ ಗೆರೆಯ ತುದಿ ಹಿಡಿದು ಹೋಗುವ ಈ ಹಾದಿ ಬೇಕಾಗುತ್ತದೆ.